ಒಂದಕ್ಷರದ ಅಂತರ: ವ್ಯಾಪಾರ ವರದಿಗಳಲ್ಲಿ ಅದಲುಬದಲಾಗುವ ಇಂಗ್ಲಿಷ್ ಜೋಡಿಪದಗಳು

ಬ್ಯಾಂಕಿಗೆ, ಲೆಕ್ಕಪರಿಶೋಧಕರಿಗೆ, ಹೊರರಾಜ್ಯದ ಖರೀದಿದಾರರಿಗೆ ಕಳುಹಿಸುವ ವರದಿಗಳು ಬಹುಪಾಲು ಇಂಗ್ಲಿಷಿನಲ್ಲಿಯೇ ಸಿದ್ಧವಾಗುತ್ತವೆ. ಇವುಗಳಲ್ಲಿ ನುಸುಳುವ ಕಾಗುಣಿತದ ತಪ್ಪುಗಳಲ್ಲಿ ಹೆಚ್ಚಿನವು ನಿರುಪದ್ರವಿಗಳು. ಬರವಣಿಗೆಯ ಸಾಮಗ್ರಿ ಎಂಬರ್ಥದ ‘ಸ್ಟೇಷನರಿ’ಯ ಬದಲು ನಿಶ್ಚಲವಾದುದು ಎಂಬರ್ಥದ ‘ಸ್ಟೇಷನರಿ’ಯನ್ನು ಬರೆದರೆ ಓದುಗನು ಮುಗುಳ್ನಕ್ಕು ಮುಂದೆ ಸಾಗುತ್ತಾನೆ, ಕಚೇರಿಯು ಕಾಗದ ಖರೀದಿಸಿತೆಂಬ ಸಂಗತಿಯಲ್ಲಿ ಅವನಿಗೆ ಸಂದೇಹ ಬಾರದು. ಆದರೆ ಕೆಲವೇ ಕೆಲವು ಜೋಡಿಪದಗಳ ಸ್ವಭಾವ ಬೇರೆ. ಅಲ್ಲಿ ಒಂದು ಪದದ ಸ್ಥಾನದಲ್ಲಿ ಇನ್ನೊಂದನ್ನು ಇಟ್ಟರೂ ವಾಕ್ಯ ಸರಿಯಾಗಿಯೇ ನಿಲ್ಲುತ್ತದೆ, ವ್ಯಾಕರಣ ಕೆಡುವುದಿಲ್ಲ, ಕಂಪ್ಯೂಟರು ಕೆಂಪು ಗೆರೆ ಎಳೆಯುವುದಿಲ್ಲ. ಬದಲಾಗುವುದು ವರದಿಯು ಹೇಳುವ ಸಂಗತಿ ಮಾತ್ರ. ಎಚ್ಚರ ವಹಿಸಬೇಕಾದುದು ಈ ಜಾತಿಯ ಜೋಡಿಗಳ ಬಗ್ಗೆ.

ಇವುಗಳಲ್ಲಿ ಮೊದಲನೆಯದು ‘ಅಫೆಕ್ಟ್’ ಮತ್ತು ‘ಎಫೆಕ್ಟ್’. ಮೊದಲನೆಯದು ‘ಎ’ ಅಕ್ಷರದಿಂದಲೂ ಎರಡನೆಯದು ‘ಇ’ ಅಕ್ಷರದಿಂದಲೂ ಆರಂಭವಾಗುತ್ತವೆ. ಶಾಲೆಯಲ್ಲಿ ಕಲಿಸುವ ಸೂತ್ರ ಸರಳವಾದುದು: ‘ಅಫೆಕ್ಟ್’ ಕ್ರಿಯಾಪದ, ‘ಎಫೆಕ್ಟ್’ ನಾಮಪದ, ಒಂದು ಪ್ರಭಾವ ಬೀರುವುದು, ಇನ್ನೊಂದು ಅದರಿಂದಾದ ಪರಿಣಾಮ. ಪರೀಕ್ಷೆಯ ಪ್ರಶ್ನೆಪತ್ರಿಕೆಗೆ ಇಷ್ಟು ಸಾಕು. ವ್ಯಾಪಾರದ ಇಂಗ್ಲಿಷಿಗೆ ಸಾಲದು. ಏಕೆಂದರೆ ‘ಎಫೆಕ್ಟ್’ ಕ್ರಿಯಾಪದವಾಗಿಯೂ ಬರುತ್ತದೆ, ಮತ್ತು ಅದು ಹಾಗೆ ಬರುವುದು ಮುಖ್ಯವಾಗಿ ಕಚೇರಿ, ನ್ಯಾಯಾಲಯ ಹಾಗೂ ಬ್ಯಾಂಕುಗಳ ಭಾಷೆಯಲ್ಲಿ. ‘ನೆರವೇರಿಸು’, ‘ಜಾರಿಗೆ ತರು’ ಎಂಬುದು ಅದರ ಅರ್ಥ. ಹಣ ಪಾವತಿ ಮಾಡಿದರೆ ಪೇಮೆಂಟ್ ಎಫೆಕ್ಟ್ ಮಾಡಿದಂತೆ. ಸರಕು ರವಾನಿಸಿದರೆ ಡೆಲಿವರಿ ಎಫೆಕ್ಟ್ ಮಾಡಿದಂತೆ. ವಿಮೆ ಮಾಡಿಸಿದರೆ ಇನ್ಶೂರೆನ್ಸ್ ಎಫೆಕ್ಟ್ ಮಾಡಿದಂತೆ. ‘ಪೇಮೆಂಟ್ಸ್ ವರ್ ಎಫೆಕ್ಟೆಡ್’ ಎಂದರೆ ಹಣ ಸಂದಿತು. ‘ಪೇಮೆಂಟ್ಸ್ ವರ್ ಅಫೆಕ್ಟೆಡ್’ ಎಂದರೆ ಹಣ ಸಂದಾಯಕ್ಕೆ ತೊಡಕಾಯಿತು. ಎರಡೂ ಶುದ್ಧ ಇಂಗ್ಲಿಷ್. ಎರಡೂ ವ್ಯಾಪಾರದಲ್ಲಿ ದಿನನಿತ್ಯ ನಡೆಯುವ ಸಂಗತಿಗಳು. ಎರಡರ ಅರ್ಥ ಹೆಚ್ಚುಕಡಿಮೆ ವಿರುದ್ಧ.

ಕನ್ನಡಿಗರಿಗೆ ಇಲ್ಲಿ ಒಂದು ಅನುಕೂಲವೂ ಒಂದು ಅನನುಕೂಲವೂ ಇವೆ. ಇಂಗ್ಲಿಷರ ಉಚ್ಚಾರದಲ್ಲಿ ಈ ಎರಡು ಪದಗಳ ಮೊದಲ ಸ್ವರ ಮಸುಕಾಗಿ ಎರಡೂ ಬಹುತೇಕ ಒಂದೇ ರೀತಿ ಕೇಳಿಸುತ್ತವೆ. ಕನ್ನಡದ ನಾಲಿಗೆಯಲ್ಲಿ ‘ಅ’ ಮತ್ತು ‘ಎ’ ಸ್ಪಷ್ಟವಾಗಿ ಬೇರೆಬೇರೆ. ಇದು ಅನುಕೂಲ. ಆದರೆ ಆಡುಮಾತಿನ ಕನ್ನಡವು ಎರಡರ ಪೈಕಿ ‘ಎಫೆಕ್ಟ್’ ಒಂದನ್ನೇ ಎತ್ತಿಕೊಂಡಿದೆ. ‘ಮಳೆಯಿಂದ ವ್ಯಾಪಾರಕ್ಕೆ ಎಫೆಕ್ಟ್ ಆಯಿತು’, ‘ಮುಷ್ಕರದಿಂದ ಉತ್ಪಾದನೆ ಎಫೆಕ್ಟ್ ಆಗಿದೆ’ ಎಂದು ಅಂಗಡಿಯಲ್ಲಿ, ಕಾರ್ಖಾನೆಯಲ್ಲಿ ಎಲ್ಲರೂ ಹೇಳುತ್ತಾರೆ. ಇದೇ ಮಾತು ಇಂಗ್ಲಿಷ್ ವರದಿಗೆ ಇಳಿದಾಗ ‘ಸೇಲ್ಸ್ ವರ್ ಎಫೆಕ್ಟೆಡ್’ ಎಂದಾಗುತ್ತದೆ. ಮಾರಾಟ ಕುಸಿಯಿತೆಂದು ತಿಳಿಸಲು ಹೊರಟ ವಾಕ್ಯವು ಮಾರಾಟ ನಡೆಯಿತೆಂದು ಹೇಳಿ ಕುಳಿತುಕೊಳ್ಳುತ್ತದೆ.

ತಿದ್ದಿ ಕೆಡಿಸಿದ ಒಂದು ವಾಕ್ಯ

ತೊಂದರೆ ಎಲ್ಲಿ ತಲೆದೋರುತ್ತದೆಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ಅರಿಯಬಹುದು. ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಒಂದು ಸಣ್ಣ ಘಟಕಕ್ಕೆ ಬ್ಯಾಂಕಿನಲ್ಲಿ 90 ಲಕ್ಷ ರೂಪಾಯಿಗಳ ಕ್ಯಾಶ್ ಕ್ರೆಡಿಟ್ ಮಿತಿಯಿದೆ. ಮಿತಿ ಎಷ್ಟೇ ಇರಲಿ, ವಾಸ್ತವವಾಗಿ ಎಷ್ಟು ಹಣ ತೆಗೆಯಬಹುದೆಂಬುದು ಡ್ರಾಯಿಂಗ್ ಪವರ್ ಮೇಲೆ ನಿಂತಿರುತ್ತದೆ. ಅದನ್ನು ಘಟಕವು ಪ್ರತಿ ತಿಂಗಳು ಸಲ್ಲಿಸುವ ದಾಸ್ತಾನು ಹಾಗೂ ಗ್ರಾಹಕರ ಬಾಕಿಯ ವಿವರಪಟ್ಟಿಯಿಂದ ಲೆಕ್ಕ ಹಾಕಲಾಗುತ್ತದೆ. ಮಂಜೂರಾತಿ ಪತ್ರದ ಪ್ರಕಾರ ದಾಸ್ತಾನಿನ ಮೇಲೆ ಶೇ. 25, ಗ್ರಾಹಕರ ಬಾಕಿಯ ಮೇಲೆ ಶೇ. 40 ಮಾರ್ಜಿನ್ ಕಳೆಯತಕ್ಕದ್ದೆಂದು ಇಟ್ಟುಕೊಳ್ಳಬಹುದು.

ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ಘಟಕವು 20 ಲಕ್ಷ ರೂಪಾಯಿ ವೆಚ್ಚದ ಸರಕನ್ನು 24 ಲಕ್ಷ ರೂಪಾಯಿಗಳ ಬಿಲ್ಲಿನ ಮೇಲೆ ರವಾನಿಸುತ್ತದೆ. ತಿಂಗಳ ಕೊನೆಯ ವಿವರಪಟ್ಟಿಯಲ್ಲಿ ದಾಸ್ತಾನು 80 ಲಕ್ಷ, ಕಚ್ಚಾಮಾಲು ಪೂರೈಸಿದವರಿಗೆ ಕೊಡಬೇಕಾದುದು 30 ಲಕ್ಷ, ಗ್ರಾಹಕರಿಂದ ಬರಬೇಕಾದುದು ಈ 24 ಲಕ್ಷವೂ ಸೇರಿ 74 ಲಕ್ಷ. ಹಣ ಕೊಟ್ಟು ಮುಗಿದ ದಾಸ್ತಾನು 50 ಲಕ್ಷವಾಯಿತು. ಮಾರ್ಜಿನ್ ಕಳೆದರೆ 37.50 ಲಕ್ಷ. ಗ್ರಾಹಕರ ಬಾಕಿಯಲ್ಲಿ ಮಾರ್ಜಿನ್ ಕಳೆದು ಉಳಿಯುವುದು 44.40 ಲಕ್ಷ. ಒಟ್ಟು ಡ್ರಾಯಿಂಗ್ ಪವರ್ 81.90 ಲಕ್ಷ. ಖಾತೆಯಲ್ಲಿ ತೆಗೆದಿರುವ ಹಣ 78 ಲಕ್ಷ. ಎಲ್ಲವೂ ಕ್ರಮಬದ್ಧ.

ವಿವರಪಟ್ಟಿಯೊಡನೆ ಹೋಗುವ ಒಂದು ಪುಟದ ವರದಿಯಲ್ಲಿ ವ್ಯವಸ್ಥಾಪಕರು ‘ಮಾರ್ಚ್ ಕೊನೆಯ ವಾರ 24 ಲಕ್ಷ ರೂಪಾಯಿಗಳ ಡಿಸ್ಪ್ಯಾಚ್ ಎಫೆಕ್ಟೆಡ್’ ಎಂದೇ ಸರಿಯಾಗಿ ಬರೆದಿರುತ್ತಾರೆ. ಅದನ್ನು ಬೆರಳಚ್ಚು ಮಾಡುವ ಸಹಾಯಕರಿಗೆ ಶಾಲೆಯ ಸೂತ್ರ ಚೆನ್ನಾಗಿ ನೆನಪಿದೆ: ಕ್ರಿಯಾಪದವಾದರೆ ‘ಎ’ ಅಕ್ಷರ. ಅವರು ‘ಅಫೆಕ್ಟೆಡ್’ ಎಂದು ತಿದ್ದುತ್ತಾರೆ. ತಪ್ಪು ಅಜ್ಞಾನದಿಂದ ಹುಟ್ಟಲಿಲ್ಲ, ಅರ್ಧ ಕಲಿತ ನಿಯಮದಿಂದ ಹುಟ್ಟಿತು. ಇಂತಹ ತಪ್ಪುಗಳನ್ನು ಹಿಡಿಯುವುದು ಹೆಚ್ಚು ಕಷ್ಟ, ಏಕೆಂದರೆ ತಿದ್ದಿದವರು ಆತ್ಮವಿಶ್ವಾಸದಿಂದ ತಿದ್ದಿರುತ್ತಾರೆ.

ಬ್ಯಾಂಕಿನ ಅಧಿಕಾರಿ ಈಗ ಓದುವುದು: ಮಾರ್ಚ್ ಕೊನೆಯ ವಾರದ 24 ಲಕ್ಷ ರೂಪಾಯಿಗಳ ರವಾನೆಗೆ ಅಡಚಣೆಯಾಯಿತು. ಸರಕು ಹೊರಟಿಲ್ಲವಾದರೆ ಆ ಬಿಲ್ಲು ಗ್ರಾಹಕರ ಬಾಕಿಯಲ್ಲಿ ಹೇಗೆ ಸೇರಿತು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಸರಕು ಗೋದಾಮಿನಲ್ಲಿಯೇ ಇದೆಯೆನ್ನೋಣವೆಂದರೆ ದಾಸ್ತಾನಿನ ಪಟ್ಟಿಯಲ್ಲಿ ಅದು ಇಲ್ಲ. ಸಂದೇಹ ಪರಿಹಾರವಾಗುವತನಕ ಅಧಿಕಾರಿಯು ಆ 24 ಲಕ್ಷವನ್ನು ಲೆಕ್ಕದಿಂದ ಹೊರಗಿಟ್ಟರೆ ಗ್ರಾಹಕರ ಬಾಕಿ 50 ಲಕ್ಷಕ್ಕೆ ಇಳಿಯುತ್ತದೆ. ಮಾರ್ಜಿನ್ ಕಳೆದು ಉಳಿಯುವುದು 30 ಲಕ್ಷ. ಡ್ರಾಯಿಂಗ್ ಪವರ್ 67.50 ಲಕ್ಷವಾಯಿತು. 78 ಲಕ್ಷ ತೆಗೆದಿರುವ ಖಾತೆಯು ಒಂದೇ ಏಟಿಗೆ 10.50 ಲಕ್ಷ ರೂಪಾಯಿಗಳಷ್ಟು ಮಿತಿಮೀರಿದಂತಾಗುತ್ತದೆ. ಇ-ವೇ ಬಿಲ್ಲು, ಸಾಗಣೆ ಸಂಸ್ಥೆಯ ರಸೀದಿ, ಖರೀದಿದಾರರ ಸ್ವೀಕೃತಿ ಇವನ್ನೆಲ್ಲ ಒದಗಿಸಿದರೆ ವಿಷಯ ಇತ್ಯರ್ಥವಾಗುವುದು ನಿಜ. ಆದರೆ ಅಷ್ಟರೊಳಗೆ ಸಂಬಳದ ದಿನ ಬಂದಿದ್ದರೆ, ಅಥವಾ ಪೂರೈಕೆದಾರರಿಗೆ ಕೊಟ್ಟ ಚೆಕ್ಕು ಅದೇ ವಾರ ಬ್ಯಾಂಕಿಗೆ ಬಂದಿದ್ದರೆ, ಆ ಒಂದಕ್ಷರದ ಬೆಲೆ ತಿಳಿಯುತ್ತದೆ.

ಇಂತಹ ಪ್ರಸಂಗಗಳಲ್ಲಿ ಕಾನೂನು ಎಷ್ಟರ ಮಟ್ಟಿಗೆ ನೆರವಿಗೆ ಬರುತ್ತದೆಂಬ ಪ್ರಶ್ನೆಯೂ ಇದೆ. ಒಪ್ಪಂದದ ಪತ್ರವೊಂದರಲ್ಲಿ ಬರಹದ ತಪ್ಪು ಎದ್ದು ಕಾಣುವಂತಿದ್ದು, ಸರಿಯಾದುದು ಯಾವುದೆಂಬುದರಲ್ಲಿಯೂ ಸಂದೇಹವಿಲ್ಲದಿದ್ದರೆ ನ್ಯಾಯಾಲಯಗಳು ಅದನ್ನು ಸರಿಪಡಿಸಿಕೊಂಡೇ ಓದುತ್ತವೆ. ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 2009ರಲ್ಲಿ ಚಾರ್ಟ್‌ಬ್ರೂಕ್ ಪ್ರಕರಣದಲ್ಲಿ ಈ ತತ್ತ್ವವನ್ನು ಸ್ಪಷ್ಟವಾಗಿ ನಿರೂಪಿಸಿತು. ಭಾರತದಲ್ಲಿ 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 26ನೆಯ ಕಲಮಿನ ಅಡಿಯಲ್ಲಿ, ಉಭಯಪಕ್ಷಗಳ ತಪ್ಪು ತಿಳಿವಳಿಕೆಯಿಂದ ಪತ್ರವು ಅವರ ನಿಜವಾದ ಉದ್ದೇಶವನ್ನು ವ್ಯಕ್ತಪಡಿಸದಿದ್ದರೆ ಅದನ್ನು ತಿದ್ದಿಸಿಕೊಳ್ಳಲು ದಾವೆ ಹೂಡಬಹುದು. ಆದರೆ ಈ ನೆರವು ಒದಗಬೇಕಾದರೆ ತಪ್ಪು ತಪ್ಪೆಂದು ಕಾಣಿಸಬೇಕು, ಇಲ್ಲವೇ ಸಾಬೀತಾಗಬೇಕು. ಎರಡು ಓದುಗಳೂ ಸಮಂಜಸವಾಗಿ ಕಾಣುವಲ್ಲಿ ತಪ್ಪು ನಡೆದಿದೆಯೆಂದು ತೋರಿಸುವ ಹೊಣೆಯೇ ಭಾರವಾಗುತ್ತದೆ.

ಅಸಲು ಮತ್ತು ತತ್ತ್ವ

‘ಪ್ರಿನ್ಸಿಪಲ್’ ಜೋಡಿಯಲ್ಲಿ ಕಿವಿಯ ನೆರವು ಕಿಂಚಿತ್ತೂ ಇಲ್ಲ. ಇಂಗ್ಲಿಷರ ಬಾಯಲ್ಲಿಯೂ ಕನ್ನಡಿಗರ ಬಾಯಲ್ಲಿಯೂ ಎರಡೂ ಒಂದೇ. ಕನ್ನಡ ಲಿಪಿಯಲ್ಲಿ ಬರೆದರೂ ಒಂದೇ. ‘ಎ-ಎಲ್’ ಅಕ್ಷರಗಳಿಂದ ಮುಗಿಯುವುದು ಅಸಲು, ಪ್ರಧಾನ, ಪ್ರಾಂಶುಪಾಲ ಎಂಬ ಅರ್ಥಗಳದು. ‘ಎಲ್-ಇ’ ಅಕ್ಷರಗಳಿಂದ ಮುಗಿಯುವುದು ತತ್ತ್ವ. ಎರಡೂ ಲ್ಯಾಟಿನ್ನಿನಲ್ಲಿ ‘ಮೊದಲನೆಯವನು’ ಎಂಬ ಒಂದೇ ಮೂಲದಿಂದ ಬಂದವು. ಕನ್ನಡದಲ್ಲಿಯೂ ಮೂಲಧನ ಮತ್ತು ಮೂಲತತ್ತ್ವ ಎರಡಕ್ಕೂ ‘ಮೂಲ’ವೇ ಆಧಾರವಾಗಿರುವುದು ಸೋಜಿಗ, ಮೂಲ, ಬೇರು ಎಂಬ ಅರ್ಥದ ಅರಬ್ಬೀ ಪದದಿಂದಲೇ ‘ಅಸಲು’ ಕೂಡ ಬಂದುದು. ಆದುದರಿಂದ ಈ ಎರಡು ಪದಗಳು ಗೊಂದಲ ಹುಟ್ಟಿಸುವುದರಲ್ಲಿ ಆಶ್ಚರ್ಯವೇನಿಲ್ಲ.

ಸಾಲದ ಕಂತಿನ ಪಟ್ಟಿಯಲ್ಲಿ ‘ಅಸಲು’ ಎಂಬುದರ ಬದಲು ‘ತತ್ತ್ವ’ ಎಂದು ಬಿದ್ದರೆ ಯಾರೂ ಮೋಸಹೋಗುವುದಿಲ್ಲ. ಪಕ್ಕದ ಅಂಕಣದಲ್ಲಿ ಬಡ್ಡಿಯಿದೆ, ಅರ್ಥ ತಾನಾಗಿಯೇ ಹೊಳೆಯುತ್ತದೆ. ಜಿಎಸ್‌ಟಿ ನೋಂದಣಿಯಲ್ಲಿ ಬರುವ ‘ಪ್ರಿನ್ಸಿಪಲ್ ಪ್ಲೇಸ್ ಆಫ್ ಬಿಸಿನೆಸ್’ ಕೂಡ ಹಾಗೆಯೇ: ವ್ಯವಹಾರದ ಪ್ರಧಾನ ಸ್ಥಳ, ‘ಎ-ಎಲ್’. ತಪ್ಪಾದರೂ ತಿಳಿಯುತ್ತದೆ. ತಿಳಿಯದೆ ಹೋಗುವುದು ‘ಇನ್-ಪ್ರಿನ್ಸಿಪಲ್ ಅಪ್ರೂವಲ್’ ಎಂಬಲ್ಲಿ. ಬ್ಯಾಂಕು ಅಥವಾ ಸರ್ಕಾರಿ ಇಲಾಖೆ ಕೊಡುವ ಈ ತಾತ್ವಿಕ ಒಪ್ಪಿಗೆಯು ಅಂತಿಮ ಮಂಜೂರಾತಿಯಲ್ಲ. ದಾಖಲೆಗಳ ಪರಿಶೀಲನೆ, ಭದ್ರತೆಯ ಮೌಲ್ಯಮಾಪನ, ಷರತ್ತುಗಳ ಪೂರೈಕೆ ಎಲ್ಲವೂ ಮುಂದಿರುತ್ತವೆ. ವರದಿ ಬರೆಯುವವರು ಮೊದಲು ಅದನ್ನು ‘ಎ-ಎಲ್’ ಎಂದು ಬರೆಯುತ್ತಾರೆ. ಮುಂದಿನ ತಿದ್ದುಪಡಿಯಲ್ಲಿ ‘ಇನ್’ ಎಂಬುದು ಅನಗತ್ಯವೆನಿಸಿ ಬಿದ್ದುಹೋಗುತ್ತದೆ. ಆಗ ಉಳಿಯುವುದು ‘ಪ್ರಧಾನ ಒಪ್ಪಿಗೆ ದೊರೆತಿದೆ’ ಎಂಬ ವಾಕ್ಯ. ಪಾಲುದಾರರೋ ಯಂತ್ರ ಪೂರೈಸುವವರೋ ಅದನ್ನು ಓದಿ, ಮುಖ್ಯವಾದ ಅನುಮತಿ ಕೈಸೇರಿದೆ, ಇನ್ನುಳಿದುದು ಔಪಚಾರಿಕ ಎಂದು ಭಾವಿಸಿದರೆ ತಪ್ಪು ಅವರದಲ್ಲ.

ಈ ಪದದ ಮೂರನೆಯ ಅರ್ಥ ವರ್ತಕರಿಗೆ ಇನ್ನೂ ಹತ್ತಿರದ್ದು. 1872ರ ಭಾರತೀಯ ಕರಾರು ಅಧಿನಿಯಮದ 182ನೆಯ ಕಲಮಿನ ಪ್ರಕಾರ ಏಜೆಂಟನು ಯಾರ ಪರವಾಗಿ ಕೆಲಸ ಮಾಡುತ್ತಾನೋ ಆತನೇ ‘ಪ್ರಿನ್ಸಿಪಲ್’. ವಿತರಕರೊಡನೆ ಮಾಡಿಕೊಳ್ಳುವ ಒಪ್ಪಂದಗಳಲ್ಲಿ ‘ಪ್ರಿನ್ಸಿಪಲ್-ಟು-ಪ್ರಿನ್ಸಿಪಲ್’ ಆಧಾರದ ಮೇಲೆ ವ್ಯವಹಾರ ನಡೆಯತಕ್ಕದ್ದೆಂಬ ಮಾತು ಸಾಮಾನ್ಯ. ಇಬ್ಬರೂ ಸ್ವಂತ ಹೊಣೆಯ ಮೇಲೆ ಕೊಂಡು ಮಾರುವವರು, ಒಬ್ಬನು ಇನ್ನೊಬ್ಬನ ಏಜೆಂಟನಲ್ಲ ಎಂಬುದು ಇದರ ತಾತ್ಪರ್ಯ. ವಿತರಕನಿಗೆ ಬಿಟ್ಟುಕೊಡುವ ಹಣ ರಿಯಾಯಿತಿಯೋ ಕಮಿಷನ್ನೋ, ಅದರ ಮೇಲೆ ಮೂಲದಲ್ಲಿಯೇ ತೆರಿಗೆ ಕಡಿತ ಮಾಡಬೇಕೋ ಬೇಡವೋ ಎಂಬುದು ಈ ಸಂಬಂಧವನ್ನು ಅವಲಂಬಿಸಿದೆ. ಮೊಬೈಲ್ ಸೇವಾ ಕಂಪನಿಗಳು ಪ್ರೀಪೇಯ್ಡ್ ಕೂಪನ್ನುಗಳನ್ನು ರಿಯಾಯಿತಿ ದರದಲ್ಲಿ ವಿತರಕರಿಗೆ ಮಾರಿದ ವಿಷಯದಲ್ಲಿ ದೀರ್ಘಕಾಲ ನಡೆದ ವ್ಯಾಜ್ಯದಲ್ಲಿ, ಭಾರ್ತಿ ಸೆಲ್ಯುಲರ್ ಪ್ರಕರಣದ ತೀರ್ಪಿನ ಮೂಲಕ ಸರ್ವೋಚ್ಚ ನ್ಯಾಯಾಲಯವು 2024ರ ಫೆಬ್ರವರಿಯಲ್ಲಿ ಆ ಸಂಬಂಧ ಪ್ರಿನ್ಸಿಪಲ್ ಮತ್ತು ಏಜೆಂಟರದಲ್ಲವೆಂದು, ಆದ್ದರಿಂದ ತೆರಿಗೆ ಕಡಿತದ ಹೊಣೆ ಕಂಪನಿಗಳ ಮೇಲಿಲ್ಲವೆಂದು ತೀರ್ಮಾನಿಸಿತು. ಒಪ್ಪಂದದ ಷರತ್ತುಗಳನ್ನು ಪರಿಶೀಲಿಸಿ ನೀಡಿದ ತೀರ್ಪು ಅದು. ಕೇವಲ ಒಂದು ಪದವನ್ನು ನೋಡಿ ಯಾವ ನ್ಯಾಯಾಲಯವೂ ಇಂತಹ ಪ್ರಶ್ನೆಯನ್ನು ಬಗೆಹರಿಸುವುದಿಲ್ಲ. ಆದರೂ ಒಪ್ಪಂದದ ಕೇಂದ್ರ ಪದವನ್ನೇ ‘ತತ್ತ್ವದಿಂದ ತತ್ತ್ವಕ್ಕೆ’ ಎಂಬಂತೆ ಬರೆದಿರುವ ಸಂಸ್ಥೆಯು ಅದರ ಅರ್ಥವನ್ನು ತಿಳಿದೇ ಸಹಿ ಹಾಕಿತೆಂದು ವಾದಿಸುವುದು ಕೊಂಚ ಮುಜುಗರದ ಕೆಲಸ.

ಹೊರತು ಮತ್ತು ಒಪ್ಪಿಗೆ

‘ಅಕ್ಸೆಪ್ಟ್’ ಎಂದರೆ ಒಪ್ಪು. ‘ಎಕ್ಸೆಪ್ಟ್’ ಎಂದರೆ ಹೊರತುಪಡಿಸು. ಖರೀದಿ ಆದೇಶಕ್ಕೆ ಕೊಡುವ ಉತ್ತರದಲ್ಲಿ ‘6ನೆಯ ಷರತ್ತು ಅಕ್ಸೆಪ್ಟೆಡ್’ ಎಂದರೆ ಅದನ್ನು ಒಪ್ಪಿದಂತೆ. ‘ಎಕ್ಸೆಪ್ಟೆಡ್’ ಎಂದರೆ ಅದೊಂದನ್ನು ಬಿಟ್ಟಂತೆ. ಒಪ್ಪಿಗೆಯು ನಿರುಪಾಧಿಕವೂ ಸಂಪೂರ್ಣವೂ ಆಗಿರಬೇಕೆಂದು ಕರಾರು ಅಧಿನಿಯಮದ 7ನೆಯ ಕಲಮು ವಿಧಿಸುತ್ತದೆ. ಒಂದು ಷರತ್ತನ್ನು ಹೊರತುಪಡಿಸಿದ ಉತ್ತರವು ಆ ಅರ್ಥದಲ್ಲಿ ಒಪ್ಪಿಗೆಯೇ ಅಲ್ಲ, ಪ್ರತಿ ಪ್ರಸ್ತಾವ. 6ನೆಯ ಷರತ್ತು ವಿಳಂಬಕ್ಕೆ ದಂಡ ವಿಧಿಸುವಂಥದಾಗಿದ್ದರೆ ಎರಡು ಅಕ್ಷರಗಳ ಮೇಲೆ ಕರಾರು ಏರ್ಪಟ್ಟಿತೇ ಇಲ್ಲವೇ ಎಂಬ ಚರ್ಚೆ ಆರಂಭವಾಗಬಹುದು.

ಈವರೆಗೆ ಹೇಳಿದ ಪದಗಳೆಲ್ಲ ಒಂದೆಡೆ ಸೇರುವ ಸ್ಥಳವೊಂದಿದೆ. ಲೆಕ್ಕಪರಿಶೋಧಕರು ಕೆಲವು ಆಕ್ಷೇಪಗಳೊಡನೆ ಅಭಿಪ್ರಾಯ ನೀಡುವಾಗ ಬಳಸಬೇಕಾದ ವಾಕ್ಯದ ಒಕ್ಕಣೆಯನ್ನು ಎಸ್.ಎ. 705 ಎಂಬ ಲೆಕ್ಕಪರಿಶೋಧನಾ ಮಾನದಂಡವು ನಿಗದಿಪಡಿಸಿದೆ. ‘ಎಕ್ಸೆಪ್ಟ್ ಫಾರ್ ದಿ ಎಫೆಕ್ಟ್ಸ್’ ಎಂಬ ಮಾತನ್ನು ಒಳಗೊಂಡ ಆ ವಾಕ್ಯದ ಸಾರಾಂಶ, ಮೇಲೆ ವಿವರಿಸಿದ ಸಂಗತಿಯ ಪರಿಣಾಮಗಳನ್ನು ಹೊರತುಪಡಿಸಿ ಲೆಕ್ಕಪತ್ರಗಳು ಸತ್ಯವೂ ನ್ಯಾಯೋಚಿತವೂ ಆದ ಚಿತ್ರವನ್ನು ನೀಡುತ್ತವೆ ಎಂಬುದು. ಅದೇ ವಾಕ್ಯದ ಮುಂದುವರಿಕೆಯಲ್ಲಿ ಭಾರತದಲ್ಲಿ ಸಾಮಾನ್ಯವಾಗಿ ಅಂಗೀಕೃತವಾದ ಲೆಕ್ಕಶಾಸ್ತ್ರದ ತತ್ತ್ವಗಳ ಉಲ್ಲೇಖ ಬರುತ್ತದೆ; ಅಲ್ಲಿ ‘ಅಕ್ಸೆಪ್ಟೆಡ್’ ಮತ್ತು ‘ಎಲ್-ಇ’ಯ ಪ್ರಿನ್ಸಿಪಲ್ ಎರಡೂ ಇವೆ. ಪರಿಶೋಧಕರಿಗೆ ಸಾಕಷ್ಟು ಆಧಾರಗಳು ದೊರೆಯದಿದ್ದಲ್ಲಿ ‘ಪರಿಣಾಮಗಳು’ ಎಂಬುದರ ಹಿಂದೆ ‘ಸಂಭಾವ್ಯ’ ಎಂಬ ವಿಶೇಷಣವೂ ಸೇರುತ್ತದೆ. ಈ ವಾಕ್ಯವನ್ನು ನಕಲು ಮಾಡಿ ತಮ್ಮ ವರದಿಯಲ್ಲಿ ಉಲ್ಲೇಖಿಸುವ ನಿರ್ದೇಶಕರಿಗೆ ಅಲ್ಲಿನ ಒಂದು ಪದವನ್ನೂ ಕದಲಿಸುವ ಅಧಿಕಾರವಿಲ್ಲ. ಆದರೆ ಅದನ್ನು ಹೊಸದಾಗಿ ಬೆರಳಚ್ಚು ಮಾಡುವ ಕಚೇರಿಗಳೇ ಹೆಚ್ಚು.

ನಿರ್ದೇಶಕರ ವರದಿಯಲ್ಲಿಯೇ ಇನ್ನೊಂದು ಸೂಕ್ಷ್ಮ ಸ್ಥಳವಿದೆ. 2013ರ ಕಂಪನಿಗಳ ಅಧಿನಿಯಮದ 134ನೆಯ ಕಲಮಿನ ಅನುಸಾರ, ಹಣಕಾಸು ವರ್ಷದ ಅಂತ್ಯಕ್ಕೂ ವರದಿಯ ದಿನಾಂಕಕ್ಕೂ ನಡುವೆ ಕಂಪನಿಯ ಹಣಕಾಸು ಸ್ಥಿತಿಯನ್ನು ಬಾಧಿಸುವಂತಹ ಗಣನೀಯ ಬದಲಾವಣೆಗಳು ನಡೆದಿದ್ದರೆ ಅವನ್ನು ತಿಳಿಸಬೇಕು. ಕಾನೂನಿನ ಪದ ‘ಅಫೆಕ್ಟಿಂಗ್’. ಅಲ್ಲಿ ‘ಎಫೆಕ್ಟಿಂಗ್’ ಎಂದು ಬರೆದರೆ, ಹಣಕಾಸು ಸ್ಥಿತಿಯನ್ನು ಉಂಟುಮಾಡುವ ಬದಲಾವಣೆಗಳು ಎಂದಾಗುತ್ತದೆ. ಇದಕ್ಕೆ ಅರ್ಥವಿಲ್ಲವಾದುದರಿಂದ ಅಪಾಯವೂ ಕಡಿಮೆ. ಆದರೆ ಹಿಂದಿನ ವರ್ಷದ ವರದಿಯಿಂದ ಈ ವರ್ಷಕ್ಕೆ, ಈ ವರ್ಷದಿಂದ ಮುಂದಿನದಕ್ಕೆ ತಪ್ಪು ಹಾಗೆಯೇ ಸಾಗಿಬರುತ್ತದೆ.

ಹಿಡಿಯುವ ಬಗೆ

ಕಂಪ್ಯೂಟರಿನ ಕಾಗುಣಿತ ಪರೀಕ್ಷೆಯು ಪದ ನಿಘಂಟಿನಲ್ಲಿದೆಯೇ ಎಂಬುದನ್ನು ಮಾತ್ರ ನೋಡುತ್ತಿದ್ದ ಕಾಲ ಮುಗಿದಿದೆ. 2007ರ ಆವೃತ್ತಿಯಿಂದ ಮೈಕ್ರೋಸಾಫ್ಟ್ ವರ್ಡ್ ಸಂದರ್ಭವನ್ನೂ ಗಮನಿಸತೊಡಗಿತು. ತಪ್ಪು ಜಾಗದಲ್ಲಿ ಬಿದ್ದ ಸರಿಯಾದ ಪದವನ್ನು ಅನೇಕ ವೇಳೆ ಅದು ಗುರುತಿಸುತ್ತದೆ. ಆದರೆ ಮಾರ್ಚ್ ತಿಂಗಳಲ್ಲಿ ಸರಕು ನಿಜವಾಗಿ ಹೊರಟಿತೇ ಇಲ್ಲವೇ ಎಂಬುದು ಕಡತದ ಒಳಗಿಲ್ಲ, ಗೋದಾಮಿನಲ್ಲಿದೆ. ಆದ್ದರಿಂದ ಈ ಪದಗಳ ಪರಿಶೀಲನೆ ಇಂಗ್ಲಿಷ್ ಬಲ್ಲವರಿಗಿಂತ ಸಂಗತಿ ಬಲ್ಲವರ ಕೆಲಸ.

ವರದಿ ಅಂತಿಮಗೊಂಡ ಮೇಲೆ Ctrl+F ಒತ್ತಿ `fect`, `princip`, `cept` ಎಂಬ ಮೂರು ತುಣುಕುಗಳನ್ನು ಹುಡುಕಿದರೆ ಮೇಲಿನ ಪದಗಳು ಯಾವ ರೂಪದಲ್ಲಿದ್ದರೂ ಸಿಕ್ಕಿಬೀಳುತ್ತವೆ. ಮೊದಲನೆಯದರ ಜೊತೆಗೆ ದೋಷಪೂರಿತ ಸರಕಿನ ‘ಡಿಫೆಕ್ಟ್’ಗಳೂ ಮೇಲೆದ್ದು ಬರುತ್ತವೆ; ಅವನ್ನು ದಾಟಿ ಹೋಗಬಹುದು. ಇಪ್ಪತ್ತು ಪುಟದ ವರದಿಯಲ್ಲಿಯೂ ಇದು ಕೆಲವೇ ನಿಮಿಷಗಳ ಕೆಲಸ. ಪ್ರತಿ ಸ್ಥಳದಲ್ಲಿಯೂ ನಿಂತು ಆ ಪದಕ್ಕೆ ಕನ್ನಡದಲ್ಲಿ ಏನೆಂದು ಕೇಳಿಕೊಳ್ಳುವುದು ಅತ್ಯಂತ ಭದ್ರವಾದ ಪರೀಕ್ಷೆ, ಏಕೆಂದರೆ ಇಂಗ್ಲಿಷಿನಲ್ಲಿ ಅಂಟಿಕೊಂಡಿರುವ ಅರ್ಥಗಳು ಕನ್ನಡದಲ್ಲಿ ದೂರದೂರ ನಿಂತಿವೆ. ‘ನೆರವೇರಿತು’ ಎಂದೋ ‘ಬಾಧಿತವಾಯಿತು’ ಎಂದೋ? ‘ಅಸಲು’ ಎಂದೋ ‘ತತ್ತ್ವ’ ಎಂದೋ? ‘ಒಪ್ಪಿದೆ’ಯೋ ‘ಹೊರತುಪಡಿಸಿದೆ’ಯೋ? ‘ಎಫೆಕ್ಟ್ ಆಯಿತು’ ಎಂದು ಮಾತ್ರ ಉತ್ತರಿಸಬಾರದು.

ಉತ್ತರ ದೊರೆತ ಮೇಲೆಯೂ ಅಕ್ಷರದ ಬಗ್ಗೆ ಅಳುಕು ಉಳಿದರೆ ಪದವನ್ನೇ ಬಿಟ್ಟುಬಿಡುವುದು ಲೇಸು. ಪಾವತಿ ಮಾಡಲಾಯಿತೆಂದು ತಿಳಿಸಲು ‘ಮೇಡ್’, ಸರಕು ಹೊರಟಿತೆಂದು ತಿಳಿಸಲು ‘ಸೆಂಟ್’, ಉತ್ಪಾದನೆ ಕುಂಠಿತವಾಯಿತೆಂದು ತಿಳಿಸಲು ‘ಫೆಲ್’ ಎಂಬ ಸಣ್ಣ ಪದಗಳು ಧಾರಾಳವಾಗಿ ಸಾಕು. ಬಿಲ್ಲಿನ ಸಂಖ್ಯೆ ಮತ್ತು ದಿನಾಂಕವನ್ನು ಪಕ್ಕದಲ್ಲಿಯೇ ನಮೂದಿಸಿದರೆ ಬ್ಯಾಂಕಿನ ಅಧಿಕಾರಿಯು ಕ್ರಿಯಾಪದವನ್ನು ಅಷ್ಟಾಗಿ ನಂಬಬೇಕಾದ ಅಗತ್ಯವೂ ಬೀಳದು.